ಬೋಟಿನ ವಯರ್‌ಲೆಸ್ ಪಾಠಕ್ಕೆ ಎಐ ದನಿ: ಉಚ್ಚಾರ ಮತ್ತು ಓದಿನ ವೇಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಹಳೆ ಬಂದರು, ಈ ಕಡೆಯ ಆಳಸಮುದ್ರ ಬೋಟುಗಳಿಗೆ ಕನ್ನಡದಲ್ಲಿ ಸುರಕ್ಷತೆಯ ವಿಡಿಯೊ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ಚಿತ್ರ ತೆಗೆಯುವುದು ಸುಲಭ. ಹಿನ್ನೆಲೆ ಮಾತನ್ನು ಎಐ ದನಿಯಿಂದ ಓದಿಸುವಾಗ ತೊಂದರೆ ಶುರುವಾಗುತ್ತದೆ. ಒಂದೇ ವಾಕ್ಯದಲ್ಲಿ ಕನ್ನಡ, ಇಂಗ್ಲಿಷ್, ಅಂಕಿ, ಡಿಗ್ರಿ ಗುರುತು ಎಲ್ಲ ಇರುತ್ತವೆ. ಉದಾಹರಣೆಗೆ ನಾಲ್ಕು ನಿಮಿಷದ ಒಂದು ಪಾಠವನ್ನೇ ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ: ಬೋಟು ಅಪಾಯದಲ್ಲಿದ್ದಾಗ ವಿಎಚ್ಎಫ್ ವಯರ್‌ಲೆಸ್ಸಿನಲ್ಲಿ ಸಹಾಯ ಕೇಳುವುದು ಹೇಗೆ.

ಬರೆದ ಸ್ಕ್ರಿಪ್ಟನ್ನು ಹಾಗೇ ಕೊಟ್ಟರೆ ಏನಾಗುತ್ತದೆ?

ಮೊದಲು ಒಂದು ಮಾದರಿ ನೋಡಿ. ಇಂಥ ಸಾಲು ಬಹಳ ಸ್ಕ್ರಿಪ್ಟುಗಳಲ್ಲಿ ಇರುತ್ತದೆ:

```
VHF ಆನ್ ಮಾಡಿ CH 16ಗೆ ಇಟ್ಟು, 25W ಇರುವುದನ್ನು ನೋಡಿ, PTT ಒತ್ತಿ
MAYDAY x3 ಎಂದು ಹೇಳಿ, position 13.35N 74.70E ತಿಳಿಸಿ PTT ಬಿಡಿ.
```

ಓದುವವರ ಕಣ್ಣಿಗೆ ಇದರಲ್ಲಿ ತಪ್ಪಿಲ್ಲ. ದನಿಗೆ ಮಾತ್ರ ಇದು ಒಗಟು. ಎಐ ದನಿ ಮಾತಾಡುವ ಮೊದಲು ಅಂಕಿ, ಗುರುತು, ಚುಟುಕು ಅಕ್ಷರ ಎಲ್ಲವನ್ನೂ ಪದಗಳಾಗಿ ಬಿಡಿಸಬೇಕು. `25W` ಅನ್ನು ಇಪ್ಪತ್ತೈದು ವ್ಯಾಟ್ ಎನ್ನಬೇಕೋ, ಟ್ವೆಂಟಿ ಫೈವ್ ಡಬ್ಲ್ಯೂ ಎನ್ನಬೇಕೋ ಅದಕ್ಕೆ ಯಾರೂ ಹೇಳಿಲ್ಲ. `x3` ಅಂದರೆ ಮೂರು ಸಲ ಎಂದು ಅದಕ್ಕೆ ಗೊತ್ತಾಗುವುದಿಲ್ಲ, "ಎಕ್ಸ್ ತ್ರೀ" ಎಂದು ಓದಿ ಮುಂದೆ ಹೋಗುತ್ತದೆ. `13.35N` ಎಂಬಲ್ಲಿ ಆಗುವ ಅನಾಹುತಕ್ಕೆ ಕೆಳಗೆ ಪ್ರತ್ಯೇಕ ಪ್ರಶ್ನೆಯೇ ಇದೆ.

ಆದ್ದರಿಂದ ಎರಡು ಪಠ್ಯ ಇಟ್ಟುಕೊಳ್ಳಿ. ಒಂದು ಪರದೆಯ ಮೇಲೆ ಕಾಣಿಸುವುದು, ಇನ್ನೊಂದು ದನಿ ಓದುವುದು. ಪರದೆಯಲ್ಲಿ `CH 16` ಎಂದೇ ಇರಲಿ, ಯಾಕೆಂದರೆ ಸೆಟ್ಟಿನ ಮೇಲೆ ಹಾಗೇ ಕಾಣುತ್ತದೆ. ಓದುವ ಪಠ್ಯದಲ್ಲಿ ಬಾಯಿಂದ ಬರಬೇಕಾದ ಪದವನ್ನೇ ಬರೆಯಿರಿ. ಎರಡನ್ನೂ ಒಂದೇ ಫೈಲಿನಲ್ಲಿ ತೂಗಿಸಲು ಹೋದರೆ ಎರಡೂ ಕೆಡುತ್ತವೆ.

ಇಂಗ್ಲಿಷ್ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬಿಡಬೇಕಾ, ಕನ್ನಡದಲ್ಲಿ ಬರೆಯಬೇಕಾ?

ಓದುವ ಪಠ್ಯದಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯಿರಿ. ಕನ್ನಡ ಲಿಪಿಯಲ್ಲಿ ಬರೆದ ಹಾಗೇ ಓದುವುದು ಹೆಚ್ಚು, ಆದ್ದರಿಂದ ಉಚ್ಚಾರ ನಿಮ್ಮ ಕೈಯಲ್ಲಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬಿಟ್ಟರೆ ಕೆಲವು ದನಿಗಳು ಆ ಒಂದು ಪದಕ್ಕೆ ವಿದೇಶಿ ಧಾಟಿಗೆ ಹೋಗಿ ಮತ್ತೆ ಕನ್ನಡಕ್ಕೆ ಮರಳುತ್ತವೆ. ವಾಕ್ಯದ ಮಧ್ಯೆ ಬೇರೆ ಯಾರೋ ಬಾಯಿ ಹಾಕಿದ ಹಾಗೆ ಕೇಳುತ್ತದೆ.

ಊರಿನ ಹೆಸರುಗಳಿಗೆ ಇದು ಇನ್ನೂ ಮುಖ್ಯ. `Gangolli` ಎಂದು ಬರೆದರೆ "ಳ್ಳಿ" ಹೋಗಿ "ಲ್ಲಿ" ಆಗುತ್ತದೆ. `Malpe` ಎಂದು ಬರೆದರೆ ಕೊನೆಯ "ಪೆ" ಉಳಿಯುತ್ತದೆ ಎಂಬ ಭರವಸೆ ಇಲ್ಲ. ತನ್ನ ಬಂದರಿನ ಹೆಸರನ್ನೇ ಸರಿಯಾಗಿ ಹೇಳದ ದನಿಯ ಮೇಲೆ ಬೋಟಿನವರಿಗೆ ನಂಬಿಕೆ ಬರುವುದಿಲ್ಲ.

ಕನ್ನಡದಲ್ಲಿ ಬರೆಯುವಾಗ ಹ್ರಸ್ವ, ದೀರ್ಘ ನೋಡಿಕೊಳ್ಳಿ. "ಕೋಸ್ಟ್ ಗಾರ್ಡ್" ಎಂಬುದು ಅವಸರದಲ್ಲಿ "ಕಾಸ್ಟ್ ಗಾರ್ಡ್" ಆದರೆ ಅರ್ಥವೇ ಬೇರೆ. "ಆ್ಯ" ಎಂಬ ಬರವಣಿಗೆಯನ್ನು ಒಮ್ಮೆ ಪರೀಕ್ಷಿಸಿ ನೋಡಿ. ಅದು ಸ್ವರಕ್ಕೆ ಒತ್ತಕ್ಷರ ಕೊಟ್ಟ ಅಪರೂಪದ ಜೋಡಣೆ, ಕೆಲವು ದನಿಗಳು ಅಲ್ಲಿ ಎಡವಿ "ಆಯ" ಎಂದುಬಿಡುತ್ತವೆ. ಹಾಗಾದರೆ "ಆ್ಯಂಟೆನಾ" ಬದಲು "ಆಂಟೆನಾ" ಎಂದು ಬರೆಯಿರಿ. ಬೋಟಿನಲ್ಲಿ ಎಲ್ಲರೂ ಹೇಳುವುದೂ ಹಾಗೇ.

ಇನ್ನೊಂದು ಮಾತು. ಲಿಪಿ ಬದಲಿಸುವ ಮೊದಲು ಆ ಪದ ಬೇಕಾ ಎಂದು ಕೇಳಿಕೊಳ್ಳಿ. `PTT` ಎಂದು ಕೈಪಿಡಿಯಲ್ಲಿದೆ, ಆದರೆ ತಾಂಡೇಲರಿಗಾಗಲಿ ಕಲಾಸಿಗಳಿಗಾಗಲಿ ಅದು "ಮೈಕಿನ ಬಟನ್". ಅದನ್ನೇ ಹೇಳಿಸಿ. ಚಾನಲ್ 16ರ ಕಂಪನಾಂಕ `156.8 MHz`. ಸೆಟ್ಟಿನಲ್ಲಿ ಚಾನಲ್ ನಂಬರ್ ಹಾಕಿದರೆ ಸಾಕು, ಮೆಗಾಹರ್ಟ್ಸ್ ಯಾರೂ ತಿರುಗಿಸುವುದಿಲ್ಲ. ಆ ಕಷ್ಟದ ಪದವನ್ನು ಸರಿಯಾಗಿ ಓದಿಸಲು ಒದ್ದಾಡುವ ಬದಲು ಅದನ್ನು ತೆಗೆದುಬಿಡಿ.

"ಚಾನಲ್‌ಗೆ" ಎಂದು ಬರೆಯುವುದಾ, "ಚಾನಲಿಗೆ" ಎಂದಾ?

ಓದುವ ಪಠ್ಯಕ್ಕೆ ಎರಡನೆಯದು. "ಚಾನಲ್‌ಗೆ" ಎಂದು ಬರೆಯುವಾಗ "ಲ್" ಮತ್ತು "ಗೆ" ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಯೂನಿಕೋಡಿನಲ್ಲಿ ಅದು `U+200C`. "ಗೆ" ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಸ್ಕ್ರಿಪ್ಟು ವಾಟ್ಸಾಪಿನಿಂದ ವರ್ಡಿಗೆ, ಅಲ್ಲಿಂದ ದನಿಯ ಟೂಲಿಗೆ ಹೋಗುವ ದಾರಿಯಲ್ಲಿ ಎಲ್ಲೋ ಈ ಗುರುತು ಅಳಿಸಿಹೋಗಬಹುದು. ಆಗ "ಚಾನಲ್ಗೆ" ಎಂದು ಉಳಿಯುತ್ತದೆ, ದನಿ ಎರಡು ಅಕ್ಷರವನ್ನು ಒಟ್ಟಿಗೆ ನುಂಗಿ ಓದುತ್ತದೆ. ಪರದೆಯಲ್ಲಿ ಇದ್ದಕ್ಕಿದ್ದಂತೆ ಒತ್ತಕ್ಷರ ಕಂಡರೆ ಗುರುತು ಹೋಗಿದೆ ಎಂದೇ ಅರ್ಥ.

"ಚಾನಲಿಗೆ", "ಸೆಟ್ಟಿನಲ್ಲಿ", "ಬೋಟಿನಿಂದ", "ಮೈಕನ್ನು" ಎಂದು ಸ್ವರ ಸೇರಿಸಿ ಬರೆದರೆ ಈ ತಾಪತ್ರಯವೇ ಇಲ್ಲ. ನಾವು ಮಾತಾಡುವುದೂ ಹೀಗೇ ಅಲ್ವಾ? `CH 16ಗೆ`, `GPSನಲ್ಲಿ` ಎಂದು ಇಂಗ್ಲಿಷ್ ಅಕ್ಷರಕ್ಕೆ ಪ್ರತ್ಯಯ ಅಂಟಿಸಿದರಂತೂ ದನಿ ಅಲ್ಲಿ ತಡೆದು, ಪ್ರತ್ಯಯವನ್ನು ಬೇರೆ ಪದದಂತೆ ಓದುವ ಸಾಧ್ಯತೆ ಇದೆ. "ಜಿಪಿಎಸ್ಸಿನಲ್ಲಿ" ಎಂದು ಒಂದೇ ಪದವಾಗಿ ಬರೆಯಿರಿ.

ಉಚ್ಚಾರ ತಿದ್ದಲು ಟ್ಯಾಗುಗಳಿವೆಯಲ್ಲ, ಅವನ್ನು ಬಳಸಬಾರದಾ?

ಬಳಸಬಹುದು, ಆದರೆ ಎಲ್ಲವನ್ನೂ ಅಲ್ಲ. ಎಸ್ಎಸ್ಎಂಎಲ್ ಎಂಬ ಗುರುತು ಭಾಷೆ ಡಬ್ಲ್ಯೂ3ಸಿ ರೂಪಿಸಿದ್ದು. ಅದರ 1.1 ಆವೃತ್ತಿ 2010ರಲ್ಲಿ ಬಂತು. ಅದರಲ್ಲಿ `phoneme` ಎಂಬ ಟ್ಯಾಗ್ ಇದೆ, ಪದದ ಉಚ್ಚಾರವನ್ನು ಧ್ವನಿ ಲಿಪಿಯಲ್ಲಿ ಕೊಡಬಹುದು. ಎಲ್ಲ ಕನ್ನಡ ದನಿಗಳೂ ಅದಕ್ಕೆ ಕಿವಿಗೊಡುವುದಿಲ್ಲ. ಕನ್ನಡ ಲಿಪಿಯಲ್ಲೇ ಬೇಕಾದಂತೆ ಬರೆಯಲು ಬರುವಾಗ ಅದರ ಅಗತ್ಯವೂ ಕಡಿಮೆ.

ನಿಜವಾಗಿ ಉಪಯೋಗಕ್ಕೆ ಬರುವುದು ಎರಡು. `sub` ಟ್ಯಾಗಿನಲ್ಲಿ ಕಾಣುವ ಪದ ಒಂದು, ಓದುವ ಪದ ಇನ್ನೊಂದು. `break` ಟ್ಯಾಗಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳಬಹುದು.

```xml
<s><sub alias="ಚಾನಲ್ ವನ್ ಸಿಕ್ಸಿಗೆ">CH 16</sub> ತಿರುಗಿಸಿ.</s>
<break time="800ms"/>
<s>ಮೈಕಿನ ಬಟನ್ ಒತ್ತಿ ಹಿಡಿಯಿರಿ.</s>
```

ನಿಮ್ಮ ಟೂಲ್ ಎಸ್ಎಸ್ಎಂಎಲ್ ಒಪ್ಪದಿದ್ದರೂ ಚಿಂತೆ ಬೇಡ. ಓದುವ ಪಠ್ಯವನ್ನು ಸರಿಯಾಗಿ ಬರೆದು, ಪೂರ್ಣವಿರಾಮ ಮತ್ತು ಅಲ್ಪವಿರಾಮ ಸರಿಯಾದ ಕಡೆ ಇಟ್ಟರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಅಂಕಿಗಳನ್ನು ಕನ್ನಡದಲ್ಲಿ ಓದಿಸಬೇಕಾ, ಇಂಗ್ಲಿಷಿನಲ್ಲಾ?

ಅತಿ ಹೆಚ್ಚು ವಾದ ನಡೆಯುವುದು ಇದರ ಮೇಲೆ. ನನ್ನ ನಿಲುವು ಹೀಗೆ. ಕೇಳುವವರು ಸುಮ್ನೆ ತಿಳಿದುಕೊಂಡರೆ ಸಾಕಾದ ಅಂಕಿ ಕನ್ನಡದಲ್ಲಿರಲಿ. ಅವರೇ ವಯರ್‌ಲೆಸ್ಸಿನಲ್ಲಿ ಬಾಯಿಬಿಟ್ಟು ಹೇಳಬೇಕಾದ ಅಂಕಿ ಇಂಗ್ಲಿಷಿನಲ್ಲಿರಲಿ, ಒಂದೊಂದೇ ಅಂಕಿಯಾಗಿ ಇರಲಿ.

"ಪವರ್ ಇಪ್ಪತ್ತೈದು ವ್ಯಾಟಿನಲ್ಲಿದೆಯಾ ನೋಡಿ" ಎಂಬುದು ತಿಳಿಯಬೇಕಾದ ಅಂಕಿ. ಆದರೆ ಕೋಸ್ಟ್ ಗಾರ್ಡಿಗೆ ಜಾಗ ಹೇಳುವಾಗ ಆ ಕಡೆ ಕೇಳುತ್ತಿರುವವರಿಗೆ ಕನ್ನಡ ಬರುತ್ತದೆ ಎಂದು ಹೇಳಲಾಗದು. ಪಕ್ಕದಲ್ಲಿ ಹೋಗುತ್ತಿರುವ ಸರಕು ಹಡಗಿನವರಿಗಂತೂ ಬರುವುದಿಲ್ಲ. ಪಾಠದಲ್ಲಿ ಕೇಳಿದ್ದನ್ನೇ ಗಾಬರಿಯಲ್ಲಿ ಬಾಯಿ ಹೇಳುತ್ತದೆ. ಹಾಗಾಗಿ ಪಾಠದಲ್ಲೇ "ವನ್ ಸಿಕ್ಸ್" ಎಂದಿರಬೇಕು.

ಇದಕ್ಕೆ ನಮ್ಮ ಕರಾವಳಿಯದೇ ಆದ ಇನ್ನೊಂದು ಕಾರಣವಿದೆ. ಮಂಗಳೂರಿನಿಂದ ಕಾರವಾರದವರೆಗೆ ದಡದ ರೇಖಾಂಶ 74 ಡಿಗ್ರಿಯ ಆಸುಪಾಸಿನಲ್ಲೇ ಇದೆ. ಕನ್ನಡದಲ್ಲಿ ಅದು ಎಪ್ಪತ್ತನಾಲ್ಕು. 24 ಇಪ್ಪತ್ತನಾಲ್ಕು. ಎರಡಕ್ಕೂ ಇರುವ ವ್ಯತ್ಯಾಸ ಮೊದಲ ಒಂದು ಸ್ವರ ಮಾತ್ರ. ಡೀಸೆಲ್ ಎಂಜಿನ್ ಓಡುತ್ತಿರುವ ಬೋಟಿನಲ್ಲಿ ಮೊಬೈಲಿನ ಸಣ್ಣ ಸ್ಪೀಕರಿನಿಂದ ಬರುವ "ಎ" ಮತ್ತು "ಇ" ಬೇರೆಯಾಗಿ ಕೇಳುವುದು ಕಷ್ಟ. "ಸೆವೆನ್ ಫೋರ್" ಮತ್ತು "ಟೂ ಫೋರ್" ಹಾಗೆ ಕಲಸಿಹೋಗುವುದಿಲ್ಲ.

ದನಿಗೆ ಇದನ್ನು `74` ಎಂದು ಕೊಡಬೇಡಿ. "ಸೆವೆನ್, ಫೋರ್" ಎಂದು ಪದದಲ್ಲೇ ಬರೆಯಿರಿ. ಸೊನ್ನೆಯನ್ನು "ಜೀರೋ" ಎಂದೇ ಎಲ್ಲ ಕಡೆ ಬರೆಯಿರಿ. ಒಂದು ಕಡೆ ಸೊನ್ನೆ, ಒಂದು ಕಡೆ ಜೀರೋ, ಇನ್ನೊಂದು ಕಡೆ "ಓ" ಬೇಡ.

ಜಿಪಿಎಸ್ಸಿನ ಓದನ್ನು ಹೇಗೆ ಹೇಳಿಸಬೇಕು?

ಇಡೀ ಪಾಠದಲ್ಲಿ ಜೀವಕ್ಕೆ ಹತ್ತಿರವಾದ ಜಾಗ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಲ್ಪೆ ಬಂದರಿನ ಜಾಗವನ್ನು ಮೊಬೈಲಿನ ಮ್ಯಾಪು ಸುಮಾರು `13.35, 74.70` ಎಂದು ತೋರಿಸುತ್ತದೆ. ಇದು ಡಿಗ್ರಿಯ ದಶಾಂಶ. ಬೋಟಿನ ಜಿಪಿಎಸ್ ಸಾಮಾನ್ಯವಾಗಿ ಅದೇ ಜಾಗವನ್ನು ಡಿಗ್ರಿ ಮತ್ತು ಮಿನಿಟಿನಲ್ಲಿ ತೋರಿಸುತ್ತದೆ: `13°21.000'N 074°42.000'E`. ಒಂದು ಡಿಗ್ರಿಗೆ 60 ಮಿನಿಟ್. 0.35ನ್ನು 60ರಿಂದ ಗುಣಿಸಿದರೆ 21, 0.70ನ್ನು ಗುಣಿಸಿದರೆ 42. ಎರಡೂ ಒಂದೇ ಜಾಗ.

ಈಗ ಸ್ಕ್ರಿಪ್ಟಿನಲ್ಲಿ `13.35N` ಎಂದಿದೆ ಎನ್ನಿ. ದನಿ "ಹದಿಮೂರು ಪಾಯಿಂಟ್ ಮೂವತ್ತೈದು" ಎಂದು ಓದುತ್ತದೆ. ಜಿಪಿಎಸ್ಸಿನ ಮಿನಿಟಿಗೆ ಒಗ್ಗಿದ ತಾಂಡೇಲರ ಕಿವಿಗೆ ಅದು 13 ಡಿಗ್ರಿ 35 ಮಿನಿಟ್. ನಿಜವಾದದ್ದು 21 ಮಿನಿಟ್. 14 ಮಿನಿಟ್ ವ್ಯತ್ಯಾಸ. ಅಕ್ಷಾಂಶದಲ್ಲಿ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರ್. ಹಾಗಾದರೆ ಹುಡುಕುವವರು ಸುಮಾರು 26 ಕಿಲೋಮೀಟರ್ ಉತ್ತರಕ್ಕೆ ಹೋಗಿರುತ್ತಾರೆ. ಉಚ್ಚಾರದಲ್ಲಿ ಅಕ್ಷರ ತಪ್ಪಿಲ್ಲ, ಆದರೂ ಇಷ್ಟು ದೊಡ್ಡ ತಪ್ಪು.

ಹಾಗಾಗಿ ಡಿಗ್ರಿ, ಮಿನಿಟ್ ಎಂಬ ಪದಗಳನ್ನು ಎಂದೂ ಬಿಡಬೇಡಿ. `°` ಗುರುತನ್ನು ದನಿ ಓದುತ್ತದೆ ಎಂದು ನಂಬಬೇಡಿ. `'` ಗುರುತನ್ನು ಅದು ಸುಮ್ಮನೆ ದಾಟಿ ಹೋಗಬಹುದು. `N` ಎಂಬುದನ್ನು "ಎನ್" ಎಂದು ಓದಿದರೆ ಅದು "ಎಂ" ಎಂದು ಕೇಳುತ್ತದೆ. ಪಾಠದ ಉದಾಹರಣೆಗೆ ಮಲ್ಪೆಯ ಪಡುವಣದ ಒಂದು ಜಾಗ ತೆಗೆದುಕೊಳ್ಳೋಣ. ಪರದೆಯಲ್ಲಿ:

```
13°21.450'N  074°38.200'E
```

ಓದುವ ಪಠ್ಯದಲ್ಲಿ:

```
ವನ್ ತ್ರೀ ಡಿಗ್ರೀಸ್, ಟೂ ವನ್ ಪಾಯಿಂಟ್ ಫೋರ್ ಮಿನಿಟ್ಸ್, ನಾರ್ತ್.
ಜೀರೋ ಸೆವೆನ್ ಫೋರ್ ಡಿಗ್ರೀಸ್, ತ್ರೀ ಏಟ್ ಪಾಯಿಂಟ್ ಟೂ ಮಿನಿಟ್ಸ್, ಈಸ್ಟ್.
```

ದಶಾಂಶದ ನಂತರ ಒಂದೇ ಅಂಕಿ ಇಟ್ಟಿದ್ದನ್ನು ಗಮನಿಸಿ. ಮಿನಿಟಿನ ಹತ್ತನೇ ಒಂದು ಭಾಗ ಅಂದರೆ 185 ಮೀಟರ್. ಬಾಯಿಮಾತಿಗೆ ಅಷ್ಟು ನಿಖರತೆ ಸಾಕು. ಮೂರೂ ಅಂಕಿ ಹೇಳಿಸಲು ಹೋದರೆ ಗಾಬರಿಯಲ್ಲಿರುವವರು ಮುಖ್ಯ ಅಂಕಿಗಳನ್ನೇ ತಪ್ಪಿಸುತ್ತಾರೆ. "ಪರದೆಯಲ್ಲಿ ಮೂರು ಅಂಕಿ ಕಾಣುತ್ತದೆ, ಮೊದಲನೆಯದು ಹೇಳಿದರೆ ಸಾಕು" ಎಂದು ಪಾಠದಲ್ಲಿ ಕನ್ನಡದಲ್ಲಿ ಒಂದು ವಾಕ್ಯ ಸೇರಿಸಿ. ಇಲ್ಲದಿದ್ದರೆ ಪರದೆಗೂ ದನಿಗೂ ತಾಳೆಯಾಗಲಿಲ್ಲ ಎಂದು ನೋಡುವವರಿಗೆ ಗೊಂದಲ.

ಉದ್ದದ ನಂಬರುಗಳು? `MMSI`, ಬೋಟಿನ ನೋಂದಣಿ, ಸಹಾಯವಾಣಿ?

`MMSI` ಒಂಬತ್ತು ಅಂಕಿಯ ಗುರುತು ಸಂಖ್ಯೆ. ಭಾರತದ ಹಡಗು, ಬೋಟುಗಳಿಗೆ ಅದು 419ರಿಂದ ಶುರುವಾಗುತ್ತದೆ. ದನಿಗೆ ಹಾಗೇ ಕೊಟ್ಟರೆ ನಲವತ್ತೊಂದು ಕೋಟಿ ಎಂದು ಎಣಿಸತೊಡಗುತ್ತದೆ. ಮೂರು ಮೂರು ಅಂಕಿಯ ಗುಂಪು ಮಾಡಿ, ಗುಂಪಿನ ನಡುವೆ ಅಲ್ಪವಿರಾಮ ಹಾಕಿ: "ಫೋರ್ ವನ್ ನೈನ್," ಎಂದು ಮೊದಲ ಗುಂಪು, ಹಾಗೇ ಮುಂದಿನವು.

ನೋಂದಣಿ ಸಂಖ್ಯೆಯಲ್ಲಿ, ಮಾದರಿಗೆ `IND-KA-02-MM-1234`, ಅಡ್ಡಗೆರೆಯೇ ಸಮಸ್ಯೆ. ಕೆಲವು ದನಿ ಅದನ್ನು "ಮೈನಸ್" ಎನ್ನುತ್ತದೆ. ಗೆರೆ ತೆಗೆದು ಪದಗಳಲ್ಲಿ ಬರೆಯಿರಿ.

ಕೋಸ್ಟ್ ಗಾರ್ಡಿನ ಸಹಾಯವಾಣಿ `1554`. ಇದನ್ನು "ಸಾವಿರದ ಐನೂರ ಐವತ್ತನಾಲ್ಕು" ಎಂದು ಓದಿಸಿದರೆ ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. "ವನ್, ಫೈವ್, ಫೈವ್, ಫೋರ್" ಎಂದಿರಲಿ. "ಡಬಲ್ ಫೈವ್" ಬೇಡ, ಗಡಿಬಿಡಿಯಲ್ಲಿ ಒಂದು ಐದು ಬಿಟ್ಟುಹೋಗುತ್ತದೆ.

"ಮೇಡೇ" ಸರಿಯಾಗಿ ಬರುತ್ತಿಲ್ಲ. ಏನು ಮಾಡಲಿ?

ಒಂದೇ ಪದವಾಗಿ, ಎರಡೂ ಕಡೆ ದೀರ್ಘ ಹಾಕಿ ಬರೆಯಿರಿ. "ಮೇ ಡೇ" ಎಂದು ಬಿಡಿಸಿದರೆ ಕಾರ್ಮಿಕರ ದಿನದಂತೆ ಕೇಳುತ್ತದೆ. ಮೂರು ಸಲ ಬರುವಾಗ ಮೂರನ್ನೂ ಬರೆಯಿರಿ. ನಡುವೆ 300 ಮಿಲಿಸೆಕೆಂಡಿನ ವಿರಾಮ ಕೊಡಿ. ಇಲ್ಲದಿದ್ದರೆ ಕೆಲವು ದನಿಗಳು ಮೂರನೆಯದನ್ನು ಅವಸರಿಸಿ ನುಂಗುತ್ತವೆ, ಅಥವಾ ಪ್ರತಿಯೊಂದನ್ನೂ ಮೇಲಕ್ಕೆ ಎಳೆದು ನಾಟಕದ ಸಂಭಾಷಣೆಯಂತೆ ಮಾಡುತ್ತವೆ. ಆಶ್ಚರ್ಯಸೂಚಕ ಚಿಹ್ನೆ ಹಾಕಬೇಡಿ. ಶಾಂತವಾದ, ಸಮಪ್ರಮಾಣದ ದನಿಯೇ ಇಲ್ಲಿ ಬೇಕು, ಕೇಳಿದವರು ಅದನ್ನೇ ಅನುಕರಿಸುತ್ತಾರೆ.

ಕಲಿಸುವ ಮಾತಿಗೆ ಒಂದು ದನಿ, ವಯರ್‌ಲೆಸ್ಸಿನಲ್ಲಿ ಹೇಳುವ ಮಾದರಿ ಮಾತಿಗೆ ಇನ್ನೊಂದು ದನಿ ಇಟ್ಟರೆ ಬಹಳ ಅನುಕೂಲ. ಉದಾಹರಣೆಗೆ ಮೈಕ್ರೋಸಾಫ್ಟಿನ ಕನ್ನಡ ದನಿಗಳಲ್ಲಿ `kn-IN-SapnaNeural` ಕಲಿಸಲಿ, `kn-IN-GaganNeural` ಹೇಳಿ ತೋರಿಸಲಿ. "ಈಗ ಹೀಗೆ ಹೇಳಿ" ಎಂದು ಪ್ರತಿ ಸಲ ಹೇಳುವ ಅಗತ್ಯವೇ ಬೀಳುವುದಿಲ್ಲ.

ಅರ್ಥವಾಗಲಿ ಎಂದು ವೇಗವನ್ನೇ ಕಡಿಮೆ ಮಾಡಿದರೆ ಆಗದಾ?

ಸ್ವಲ್ಪ ಮಾಡಬಹುದು. ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ ತೊಂದರೆಯಿಲ್ಲ. ಕೆಲವು ಟೂಲಿನಲ್ಲಿ ಅದನ್ನು `rate="90%"` ಎಂದು, ಕೆಲವದರಲ್ಲಿ `rate="-10%"` ಎಂದು ಬರೆಯಬೇಕು, ನಿಮ್ಮ ಟೂಲಿನ ಕೈಪಿಡಿ ನೋಡಿ. ಅದಕ್ಕಿಂತ ಜಾಸ್ತಿ ಇಳಿಸಿದರೆ ಕನ್ನಡಕ್ಕೆ ಪೆಟ್ಟು ಬೀಳುತ್ತದೆ. ನಮ್ಮಲ್ಲಿ ಸ್ವರದ ಉದ್ದಕ್ಕೆ ಅರ್ಥವಿದೆ. ವೇಗ ಇಳಿಸಿದಾಗ ಹ್ರಸ್ವ ಸ್ವರ ಹಿಗ್ಗುತ್ತದೆ. "ಬಟನ್ ಬಿಡಿ" ಎಂಬಲ್ಲಿ "ಬಿ" ಹಿಗ್ಗಿದರೆ "ಬೀಡಿ" ಎಂದು ಕೇಳುತ್ತದೆ. ತರಬೇತಿಗೆ ಬಂದವರ ಗಮನ ಹಾರಿಹೋಗಲು ಅಷ್ಟು ಸಾಕು, ಅದೂ ಬಟನ್ ಬಿಡದಿದ್ದರೆ ಆ ಕಡೆಯ ಉತ್ತರವೇ ಕೇಳಿಸದ ಘಳಿಗೆಯಲ್ಲಿ. ಅದಕ್ಕೇ ನಾನು "ಬಟನಿನಿಂದ ಬೆರಳು ತೆಗೆಯಿರಿ" ಎಂದು ಬರೆಯುತ್ತೇನೆ.

ಮಾತು ಸಹಜ ವೇಗದಲ್ಲೇ ಇರಲಿ. ನಿಧಾನ ಬೇಕಾದದ್ದು ಮಾತಿನ ಒಳಗಲ್ಲ, ಮಾತು ಮಾತಿನ ನಡುವೆ.

ಹಾಗಾದರೆ ಎಲ್ಲಿ, ಎಷ್ಟು ಹೊತ್ತು ನಿಲ್ಲಿಸಬೇಕು?

ಕೈ ಕೆಲಸ ಮಾಡುವ ಕಡೆ ನಿಲ್ಲಿಸಿ. ಸೆಟ್ಟಿನ ಮುಂದೆ ಕೂತು ಪ್ರತಿ ಹೆಜ್ಜೆಯನ್ನೂ ನೀವೇ ಮಾಡಿ, ಎಷ್ಟು ಹೊತ್ತು ಬೇಕಾಯಿತು ಎಂದು ಸ್ಟಾಪ್‌ವಾಚಿನಲ್ಲಿ ನೋಡಿ. ಒಂದು ಬಟನ್ ಒತ್ತಲು ಒಂದು ಸೆಕೆಂಡಿನ ಒಳಗೆ ಮುಗಿಯುತ್ತದೆ. ಕೆಂಪು `DISTRESS` ಬಟನಿನದು ಬೇರೆ ಕಥೆ. ಮೊದಲು ಮುಚ್ಚಳ ಎತ್ತಬೇಕು, ಆಮೇಲೆ ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಎಷ್ಟು ಸೆಕೆಂಡು ಎಂಬುದು ಸೆಟ್ಟಿನಿಂದ ಸೆಟ್ಟಿಗೆ ಬದಲು, ಸಾಮಾನ್ಯವಾಗಿ 3ರಿಂದ 5. ನೀವು ತೋರಿಸುತ್ತಿರುವ ಮಾದರಿಯ ಕೈಪಿಡಿಯಲ್ಲಿರುವುದನ್ನೇ ಹೇಳಿಸಿ.

ಒಂದು ಸೆಕೆಂಡಿಗಿಂತ ಹೆಚ್ಚಿನ ಮೌನವನ್ನು ದನಿಯ ಟೂಲಿನಲ್ಲಿ ಮಾಡಬೇಡಿ, ಆಡಿಯೊ ಎಡಿಟರಿನಲ್ಲಿ ಸೇರಿಸಿ. ಉದ್ದ ವಿರಾಮದ ನಂತರ ಕೆಲವು ದನಿಗಳು ಹೊಸ ಪ್ಯಾರಾ ಶುರುವಾದಂತೆ ಧಾಟಿ ಬದಲಿಸುತ್ತವೆ. ಇನ್ನು ಬೋಟಿನ ಗದ್ದಲದಲ್ಲಿ ನಾಲ್ಕು ಸೆಕೆಂಡಿನ ಮೌನ ಅಂದರೆ ವಿಡಿಯೊ ಮುಗಿಯಿತು ಎಂದು ತಿಳಿದುಕೊಳ್ಳುತ್ತಾರೆ. ಅಲ್ಲಿ ಸೆಕೆಂಡಿಗೊಂದು ಸಣ್ಣ ಬೀಪ್ ಹಾಕಿದರೆ "ಇನ್ನೂ ಒತ್ತಿ ಹಿಡಿಯಬೇಕು" ಎಂಬುದು ತಾನಾಗಿ ತಿಳಿಯುತ್ತದೆ.

ವಾಕ್ಯ ಕತ್ತರಿಸುವುದೂ ಇದೇ ಲೆಕ್ಕದಲ್ಲಿ. ಒಂದು ವಾಕ್ಯ, ಒಂದು ಕೆಲಸ. "ಆನ್ ಮಾಡಿ, ತಿರುಗಿಸಿ, ನೋಡಿ, ಒತ್ತಿ" ಎಂದು ಒಂದೇ ಉಸಿರಿನಲ್ಲಿ ಪೋಣಿಸಿದರೆ ದನಿ ಎಲ್ಲದಕ್ಕೂ ಒಂದೇ ತೂಕ ಕೊಡುತ್ತದೆ.

ಮೇಲಿನ ಸಾಲನ್ನು ಪೂರ್ತಿ ತಿದ್ದಿ ತೋರಿಸುತ್ತೀರಾ?

ಮೊದಲ ಪ್ರಶ್ನೆಯಲ್ಲಿದ್ದ ಎರಡು ಸಾಲು ಹೀಗಾಗುತ್ತದೆ. ಚೌಕ ಕಂಸದೊಳಗಿನದು ಎಡಿಟರಿನಲ್ಲಿ ಸೇರಿಸುವ ಮೌನ, ದನಿಗೆ ಕೊಡುವಂಥದ್ದಲ್ಲ. ಬೋಟಿನ ಹೆಸರು ಕಲ್ಪನೆಯದು.

```
ಕಲಿಸುವ ದನಿ:
ವಯರ್‌ಲೆಸ್ ಸೆಟ್ ಆನ್ ಮಾಡಿ. [2 ಸೆಕೆಂಡು]
ಚಾನಲ್ ವನ್ ಸಿಕ್ಸಿಗೆ ತಿರುಗಿಸಿ. [2 ಸೆಕೆಂಡು]
ಪವರ್ ಇಪ್ಪತ್ತೈದು ವ್ಯಾಟಿನಲ್ಲಿದೆಯಾ ನೋಡಿ. [2 ಸೆಕೆಂಡು]
ಮೈಕಿನ ಬಟನ್ ಒತ್ತಿ ಹಿಡಿಯಿರಿ. [1 ಸೆಕೆಂಡು]

ಹೇಳಿ ತೋರಿಸುವ ದನಿ:
ಮೇಡೇ, ಮೇಡೇ, ಮೇಡೇ.
ದಿಸ್ ಈಸ್ ಕಡಲಸಿರಿ, ಕಡಲಸಿರಿ, ಕಡಲಸಿರಿ.
ವನ್ ತ್ರೀ ಡಿಗ್ರೀಸ್, ಟೂ ವನ್ ಪಾಯಿಂಟ್ ಫೋರ್ ಮಿನಿಟ್ಸ್, ನಾರ್ತ್.
ಜೀರೋ ಸೆವೆನ್ ಫೋರ್ ಡಿಗ್ರೀಸ್, ತ್ರೀ ಏಟ್ ಪಾಯಿಂಟ್ ಟೂ ಮಿನಿಟ್ಸ್, ಈಸ್ಟ್.
ಬೋಟ್ ಸಿಂಕಿಂಗ್. ಏಟ್ ಪರ್ಸನ್ಸ್ ಆನ್ ಬೋರ್ಡ್. ಓವರ್.

ಕಲಿಸುವ ದನಿ:
ಬಟನಿನಿಂದ ಬೆರಳು ತೆಗೆಯಿರಿ. ಉತ್ತರ ಕೇಳಿ.
```

ಎರಡು ಸಾಲಿದ್ದದ್ದು ಹತ್ತಾಯಿತು. ಉದ್ದವಾಯಿತು ಎಂದು ಕತ್ತರಿಸಲು ಹೋಗಬೇಡಿ. ಮೊದಲಿನ ಸಾಲಿನಲ್ಲಿ ಬೋಟಿನ ಹೆಸರೂ ಇರಲಿಲ್ಲ, ಎಷ್ಟು ಜನ ಇದ್ದಾರೆ ಎಂಬುದೂ ಇರಲಿಲ್ಲ. ದನಿಗಾಗಿ ಬಿಡಿಸಿ ಬರೆಯಲು ಕೂತಾಗಲೇ ಇಂಥ ಕೊರತೆ ಕಣ್ಣಿಗೆ ಬೀಳುವುದು. "ವಯರ್‌ಲೆಸ್" ಎಂಬ ಒಂದು ಪದದಲ್ಲಿ ಮಾತ್ರ ಕಾಣದ ಗುರುತು ಉಳಿದಿದೆ. ನಿಮ್ಮ ದನಿ ಅಲ್ಲಿ ಎಡವಿದರೆ "ವಯರ್ ಲೆಸ್" ಎಂದು ಜಾಗ ಬಿಟ್ಟು ಬರೆದು ನೋಡಿ.

ಮಾತಿನ ಧಾಟಿ ಬೆಂಗಳೂರಿನದಾಗಿ ಕೇಳುತ್ತದೆ. ತುಳುವಿನಲ್ಲೇ ಮಾಡಬಹುದಾ?

ಧಾಟಿಗೆ ಅರ್ಧ ಪರಿಹಾರ ಬರವಣಿಗೆಯಲ್ಲೇ ಇದೆ. "ಒತ್ಬೇಕು", "ನೋಡ್ಕೊಳ್ಳಿ" ಎಂದು ಬರೆಯಬೇಡಿ. ನಮ್ಮ ಕಡೆಯವರು ಕನ್ನಡ ಮಾತಾಡುವಾಗ "ಒತ್ತಬೇಕು", "ನೋಡಿಕೊಳ್ಳಿ" ಎಂದು ಪೂರ್ತಿ ರೂಪವನ್ನೇ ಬಳಸುತ್ತಾರೆ. ಹಾಗೆ ಬರೆದರೆ ದನಿ ತಾನಾಗಿ ಹತ್ತಿರವಾಗುತ್ತದೆ.

ತುಳು ಪಠ್ಯವನ್ನು ಕನ್ನಡ ದನಿಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ತುಳುವಿನಲ್ಲಿ ಪದದ ಕೊನೆಗೆ ಬರುವ ಅರೆ ಉಕಾರ ಕನ್ನಡದಲ್ಲಿ ಇಲ್ಲ. ಕನ್ನಡ ದನಿ ಅದನ್ನು ಪೂರ್ತಿ "ಉ" ಮಾಡುತ್ತದೆ, ಇಲ್ಲವೇ ವ್ಯಂಜನಕ್ಕೇ ನಿಲ್ಲಿಸುತ್ತದೆ. ಎರಡೂ ತುಳುವರ ಕಿವಿಗೆ ಚುಚ್ಚುತ್ತವೆ. ತುಳು ಆವೃತ್ತಿ ಬೇಕಾದರೆ ಬಂದರಿನ ಒಬ್ಬರಿಂದ ಓದಿಸಿ ರೆಕಾರ್ಡ್ ಮಾಡಿ.

ಸರಿಯಾಗಿದೆ ಎಂದು ಹೇಗೆ ಖಚಿತ ಮಾಡಿಕೊಳ್ಳುವುದು?

ಸ್ಕ್ರಿಪ್ಟು ಬರೆದವರು ಕೇಳಿ ನೋಡಿದರೆ ಪ್ರಯೋಜನವಿಲ್ಲ. ಅವರಿಗೆ ಉತ್ತರ ಮೊದಲೇ ಗೊತ್ತು. ಸ್ಕ್ರಿಪ್ಟು ನೋಡದ ಒಬ್ಬರನ್ನು ಕೂರಿಸಿ, ಪರದೆ ತೋರಿಸದೆ ಆಡಿಯೊ ಮಾತ್ರ ಕೇಳಿಸಿ, ಕೇಳಿದ ಅಂಕಿಗಳನ್ನು ಬರೆಯಲು ಹೇಳಿ. ಅವರು ಬರೆದದ್ದು ಜಿಪಿಎಸ್ಸಿನ ಓದಿಗೆ ತಾಳೆಯಾಗಬೇಕು. ಒಂದು ಅಂಕಿ ತಪ್ಪಿದರೂ ಆ ವಾಕ್ಯ ಮತ್ತೆ ಮಾಡಿ. ಆಮೇಲೆ ಅದೇ ಪರೀಕ್ಷೆಯನ್ನು ಎಂಜಿನ್ ಓಡುತ್ತಿರುವ ಬೋಟಿನಲ್ಲಿ, ಮೊಬೈಲಿನ ಸ್ಪೀಕರಿನಲ್ಲಿ ಮಾಡಿ. ಹೆಡ್‌ಫೋನಿನಲ್ಲಿ ಚಂದ ಕೇಳಿದ್ದು ಅಲ್ಲಿ ನಿಲ್ಲುವುದಿಲ್ಲ.

ಒಂದೇ ಪಠ್ಯವನ್ನು ಎರಡು ಸಲ ಓದಿಸಿದರೆ ಎರಡು ತರಹ ಬರುತ್ತದೆ. ಯಾಕೆ?

ಹೊಸ ತರಹದ ಹಲವು ದನಿಗಳು ಪ್ರತಿ ಸಲ ಸ್ವಲ್ಪ ಬೇರೆ ಧಾಟಿ ಹಿಡಿಯುತ್ತವೆ. ಆದ್ದರಿಂದ ಇಡೀ ಪಾಠವನ್ನು ಒಂದೇ ಸಲಕ್ಕೆ ಓದಿಸಬೇಡಿ. ವಾಕ್ಯಕ್ಕೊಂದು ಫೈಲ್ ಮಾಡಿ, ಸರಿ ಬಂದದ್ದನ್ನು ಎತ್ತಿಡಿ. ಒಂದು ಪದ ತಿದ್ದಬೇಕಾದಾಗ ಆ ಫೈಲ್ ಮಾತ್ರ ಬದಲಾದರೆ ಸಾಕು. ಪರೀಕ್ಷೆಯಲ್ಲಿ ಪಾಸಾದ ಜಿಪಿಎಸ್ ವಾಕ್ಯವನ್ನು ಮತ್ತೆ ಮುಟ್ಟುವ ಪ್ರಸಂಗ ಬರುವುದಿಲ್ಲ.

ಪದಗಳ ಪಟ್ಟಿ ಇಟ್ಟು ತಾನಾಗಿ ಬದಲಿಸುವಂತೆ ಮಾಡಬಹುದಾ?

ಮಾಡಬಹುದು. ಒಂದು ಶೀಟಿನಲ್ಲಿ ಪರದೆಯ ಪದ ಒಂದು ಕಡೆ, ಓದುವ ಪದ ಇನ್ನೊಂದು ಕಡೆ ಇಡಿ. ಬದಲಿಸುವಾಗ ಉದ್ದದ ಪದ ಮೊದಲು, ಗಿಡ್ಡ ಪದ ಆಮೇಲೆ. `N` ಅನ್ನು "ನಾರ್ತ್" ಮಾಡು ಎಂದು ಮೊದಲೇ ಹೇಳಿದರೆ `IND` ಒಳಗಿನ `N` ಕೂಡ ನಾರ್ತ್ ಆಗುತ್ತದೆ. ಒಂದೇ ಅಕ್ಷರದ ಗುರುತುಗಳನ್ನು ಪಟ್ಟಿಗೆ ಸೇರಿಸದೆ ಕೈಯಿಂದಲೇ ತಿದ್ದುವುದು ಒಳ್ಳೆಯದು. ಪ್ರತ್ಯಯ ಹತ್ತಿದ ರೂಪಗಳಿಗೆ ಪ್ರತ್ಯೇಕ ಸಾಲು ಬೇಕು, "ಚಾನಲ್" ಇದ್ದ ಮಾತ್ರಕ್ಕೆ "ಚಾನಲಿಗೆ" ತಾನಾಗಿ ಬರುವುದಿಲ್ಲ.

ಬೋಟಿಗೆ ಬೇರೆ ಕಂಪನಿಯ ಸೆಟ್ ಬಂದಾಗ ಈ ಶೀಟಿನಿಂದಲೇ ಶುರು ಮಾಡಿ. ಬಟನಿನ ಮೇಲಿನ ಅಕ್ಷರ, ಪವರಿನ ಗುರುತು, ಒತ್ತಿ ಹಿಡಿಯುವ ಸೆಕೆಂಡು, ಇವು ಮೂರು ಬದಲಾಗಿರುತ್ತವೆ. ಮೇಡೇ ಮಾತು ಮತ್ತು ಜಾಗ ಹೇಳುವ ಸಾಲುಗಳು ಎಲ್ಲ ಸೆಟ್ಟಿಗೂ ಒಂದೇ, ಆ ಫೈಲುಗಳನ್ನು ಹಾಗೇ ಬಳಸಬಹುದು.